ಬಿಗಿದ ಚೈನಿಗೆ ಇನ್ನೊಂದು ಬಾಗಿಲು

ಕೇಳುಗರೇ, ನಮಸ್ಕಾರ. ಸೈಕಲ್ ಚೈನನ್ನು ತೊಳೆಯೋಣ ಅಂತ ಕೂತಿದ್ದೀರಿ. ಅದರಲ್ಲಿ ಕ್ವಿಕ್ ಲಿಂಕ್ ಇದೆ, ಕೈಯಲ್ಲೇ ಬಿಚ್ಚಿ ಹಾಕುವಂಥ ಕೊಂಡಿ. ಆದರೆ ಮಣ್ಣು ಸೇರಿ, ತುಕ್ಕು ಹಿಡಿದು ಅದು ಜಪ್ಪಯ್ಯ ಅಂದರೂ ಬಿಡುತ್ತಿಲ್ಲ. ಇಕ್ಕಳ ಜಾರಿತು, ಬೆರಳೂ ತರಚಿತು. ಇವತ್ತಿನ ಮಾತು ಅಲ್ಲಿಂದ ಶುರು.

ಮೊದಲು ಒಂದು ಸಲ ಸರಿಯಾಗಿ ಪ್ರಯತ್ನಿಸಿ. ಹಳೇ ಬ್ರಶ್ಶಿನಿಂದ ಆ ಕೊಂಡಿಯನ್ನು ಉಜ್ಜಿ, ತೆಳು ಎಣ್ಣೆ ಬಿಟ್ಟು ಕಾಲು ಗಂಟೆ ಸುಮ್ನೆ ಬಿಡಿ. ಅದರ ಎರಡು ಪಿನ್ನುಗಳು ಒಂದರ ಕಡೆಗೊಂದು ಸರಿದರೆ ಮಾತ್ರ ಅದು ಬಿಚ್ಚುತ್ತದೆ. ಜೊತೆಗೆ ಅಕ್ಕಪಕ್ಕದ ಎರಡು ಪ್ಲೇಟುಗಳನ್ನೂ ಒಳಕ್ಕೆ ಒತ್ತಬೇಕು. ಈ ಎರಡನೆಯದನ್ನು ಮರೆತು ಬರೀ ಎಳೆದಾಡುವವರೇ ಜಾಸ್ತಿ.

ಆಗಲೂ ಬರಲಿಲ್ಲವೇ? ಬಿಟ್ಟುಬಿಡಿ. ಚೈನಿನ ಪಿನ್ನನ್ನು ತಳ್ಳಿ ತೆಗೆಯುವ ಚೈನ್ ಟೂಲನ್ನು ಕ್ವಿಕ್ ಲಿಂಕಿನ ಪಿನ್ನಿಗೇ ಇಟ್ಟು ತಳ್ಳಲು ಹೋಗಬೇಡಿ. ನಾನು ಹಾಗೆ ಮಾಡಿ ಟೂಲಿನ ಮೊನೆ ಬಗ್ಗಿಸಿಕೊಂಡಿದ್ದೇನೆ, ಕೊಂಡಿ ಮಾತ್ರ ಇದ್ದ ಹಾಗೇ ಇತ್ತು.

ಚೈನನ್ನು ಗಮನಿಸಿ ನೋಡಿ. ಒಂದು ಒಳಕೊಂಡಿ, ಒಂದು ಹೊರಕೊಂಡಿ, ಹೀಗೆ ಸರದಿ. ಕ್ವಿಕ್ ಲಿಂಕ್ ಕೂಡ ಒಂದು ಹೊರಕೊಂಡಿಯೇ ಅಲ್ವಾ? ಹಾಗಾದರೆ ಬೇರೆ ಯಾವುದಾದರೂ ಮಾಮೂಲಿ ಹೊರಕೊಂಡಿಯ ಎರಡೂ ರಿವೆಟ್, ಅಂದರೆ ಅದರ ಪ್ಲೇಟುಗಳನ್ನು ಹಿಡಿದಿರುವ ಪಿನ್ನುಗಳನ್ನು ತೆಗೆದು, ಆ ಜಾಗಕ್ಕೆ ಹೊಸ ಕ್ವಿಕ್ ಲಿಂಕ್ ಹಾಕಿದರೆ ಆಯಿತು. ಒಂದು ಹೋಯಿತು, ಒಂದು ಬಂತು. ಚೈನಿನ ಉದ್ದ ಒಂದು ಕೂದಲೂ ಬದಲಾಗುವುದಿಲ್ಲ. ಬಿಗಿದ ಹಳೆಯದು ಹಾಳಾಗಿರದೆ, ಗೇರುಗಳ ಮೇಲೆ ಸಲೀಸಾಗಿ ಮಡಚುತ್ತಿದ್ದರೆ ಅದು ಅಲ್ಲೇ ಇರಲಿ ಬಿಡಿ. ಅದನ್ನೂ ಅದರ ಎರಡು ಬದಿಯ ಎರಡೆರಡು ಕೊಂಡಿಗಳನ್ನೂ ಕತ್ತರಿಸಿ ಎಸೆದು ಹೊಸ ಕ್ವಿಕ್ ಲಿಂಕ್ ಹಾಕುತ್ತೇನೆ ಅಂತ ಹೊರಟರೆ ಚೈನು ಸುಮಾರು 5 ಸೆಂಟಿಮೀಟರ್ ಗಿಡ್ಡವಾಗುತ್ತದೆ. ಆಮೇಲೆ ದೊಡ್ಡ ಗೇರಿಗೆ ಚೈನು ಸಾಲದೆ ಹೋಗಬಹುದು.

ಈಗ ರಿವೆಟ್ ತಳ್ಳುವ ಕೆಲಸ. ಮುಂದಿನ ಹಲ್ಲುಚಕ್ರದಿಂದ ಚೈನನ್ನು ಒಳಗಡೆಗೆ ಬೀಳಿಸಿ ಸಡಿಲ ಮಾಡಿಕೊಳ್ಳಿ. ಕೆಲವು ಟೂಲುಗಳಲ್ಲಿ ಚೈನು ಕೂರಲು ಎರಡು ಕಚ್ಚುಗಳಿರುತ್ತವೆ. ಹಿಡಿಯ ಹತ್ತಿರದ್ದು ಬಿಗಿದ ಕೊಂಡಿಯನ್ನು ಸಡಿಲಿಸಲು. ರಿವೆಟ್ ತಳ್ಳುವುದಕ್ಕೆ ಹಿಡಿಯಿಂದ ದೂರದ್ದು, ಹಿಂದೆ ಗಟ್ಟಿ ಗೋಡೆ ಇರುವುದು. ಅದಲುಬದಲಾದರೆ ಟೂಲಿನ ಹಲ್ಲೇ ಮುರಿಯುತ್ತದೆ.

ಹಿಡಿ ತಿರುಗಿಸಿ ಮೊನೆಯನ್ನು ರಿವೆಟ್ಟಿಗೆ ಬರೀ ಮುಟ್ಟಿಸಿ ನಿಲ್ಲಿಸಿ. ಕಣ್ಣು ಹತ್ತಿರ ತಂದು ನೋಡಿ, ನಟ್ಟನಡುವೆ ಇದೆಯಾ ಅಂತ. ಇದರಲ್ಲಿ ಸೋಮಾರಿತನ ಬೇಡ. ನಡುವೆ ಇದ್ದರೆ ಮೊದಲ ಅರ್ಧ ಸುತ್ತು ತುಂಬಾ ಗಟ್ಟಿ, ಆಮೇಲೆ ಟಕ್ ಅಂತ ಸದ್ದು, ನಂತರ ಹಗುರ. ರಿವೆಟ್ಟಿನ ತಲೆಯನ್ನು ಕಾರ್ಖಾನೆಯಲ್ಲಿ ಜಜ್ಜಿ ಅಗಲ ಮಾಡಿರುತ್ತಾರೆ, ಪ್ಲೇಟಿನ ತೂತಿನಲ್ಲಿ ನುಗ್ಗುವಾಗ ಆ ಅಂಚು ಕತ್ತರಿಸಿಹೋದ ಸದ್ದು ಅದು. ಹಾಗಾಗದೆ ಗಟ್ಟಿತನ ಏರುತ್ತಲೇ ಹೋದರೆ, ಅಥವಾ ಪ್ಲೇಟು ಉಬ್ಬಿದಂತೆ ಕಂಡರೆ, ನಿಲ್ಲಿಸಿ. ಮೊನೆ ಓರೆಯಾಗಿದೆ. ಹಿಂದಕ್ಕೆ ತಿರುಗಿಸಿ, ಚೈನನ್ನು ಕೂರಿಸಿಕೊಂಡು ಮತ್ತೆ ಮುಟ್ಟಿಸಿ.

ಮೊನೆ ನಡುವೆಯೇ ಇದ್ದು ಆ ರಿವೆಟ್ ಹಟ ಹಿಡಿದರೆ ನಾನು ಮಾಡುವುದು ಇಷ್ಟು. ಟೂಲ್ ತಳ್ಳುವ ಕಡೆಯ ತಲೆಯನ್ನು ಸಣ್ಣ ಅರದಿಂದ ಉಜ್ಜಿ ಪ್ಲೇಟಿನ ಮಟ್ಟಕ್ಕೆ ತರುತ್ತೇನೆ. ತಡೆಯುತ್ತಿದ್ದದ್ದು ಆ ಅಗಲ ತಲೆ ತಾನೇ? ಅದು ಹೋದ ಮೇಲೆ ಬಹಳ ಸಲ ರಿವೆಟ್ ಹೊರಟುಬಿಡುತ್ತದೆ. ಪ್ಲೇಟು ಗೀರು ಬಿದ್ದರೂ ಚಿಂತೆಯಿಲ್ಲ, ಹೇಗೂ ಎಸೆಯುವ ಕೊಂಡಿ. ಅರ ಇಲ್ಲದಿದ್ದರೆ ಬೇರೆ ಹೊರಕೊಂಡಿ ಆರಿಸಿಕೊಳ್ಳಿ.

ತೆಗೆದ ರಿವೆಟ್ಟನ್ನೇ ಮತ್ತೆ ಒತ್ತಿ ಕೂರಿಸಬಹುದಲ್ಲ ಅಂತ ಕೇಳುವಿರಿ. ಗೇರಿಲ್ಲದ ಸೈಕಲ್ಲಿನ ದಪ್ಪ ಚೈನಿನಲ್ಲಿ ಹಾಗೆ ನಡೆಯುತ್ತದೆ, ರಿವೆಟ್ ಹೊರಪ್ಲೇಟಿನಲ್ಲಿ ತುದಿಗೆ ಕಚ್ಚಿಕೊಂಡಿರುವಾಗಲೇ ನಿಲ್ಲಿಸಬೇಕು, ಅಷ್ಟೇ. ಹಿಂದೆ 9, 10, 11 ಗೇರು ಇರುವ ತೆಳು ಚೈನಿನಲ್ಲಿ ಬೇಡ. ಅಲ್ಲಿ ಅಂಚು ಕಳೆದುಕೊಂಡ ರಿವೆಟ್ ಏರು ಹತ್ತುವಾಗ ಬಿಟ್ಟುಕೊಡಬಹುದು. ಕ್ವಿಕ್ ಲಿಂಕ್ ಕೊಳ್ಳುವಾಗಲೂ ಅಷ್ಟೇ ಗೇರಿನದೇ ಆಗಿರಬೇಕು.

ಹೊಸ ಕೊಂಡಿಯ ಎರಡು ಅರ್ಧಗಳನ್ನು ಸೇರಿಸಿ, ಪೆಡಲ್ ತಿರುಗಿಸಿ ಅದನ್ನು ಚೈನಿನ ಮೇಲುಸಾಲಿಗೆ ತನ್ನಿ. ಹಿಂದಿನ ಬ್ರೇಕ್ ಹಿಡಿದು ಪೆಡಲನ್ನು ಬಲವಾಗಿ ತುಳಿಯಿರಿ. ಟಕ್ ಅಂದರೆ ಕೂತಿತು. ಆ ಮೇಲೆ ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತಾ ಆ ಕೊಂಡಿ ಹಿಂದಿನ ಸಣ್ಣ ಚಕ್ರಗಳಲ್ಲಿ ಮಡಚಿ ಹೋಗುತ್ತದೆಯೇ ನೋಡಿ. ನಮಸ್ಕಾರ.