ಮೊದಲ ಚಾನೆಲ್ ಇಂಟ್ರೋ: ನಾಚಿಕೆ ಇರೋರಿಗೆ, ಸುಳ್ಳಿಲ್ಲದ ಸ್ಕ್ರಿಪ್ಟ್

ಎಲ್ರಿಗೂ ನಮಸ್ಕಾರ. ಇವತ್ತು ಕ್ಯಾಮೆರಾ, ಲೈಟು, ಮೈಕು ಯಾವುದರ ಬಗ್ಗೆಯೂ ಮಾತಾಡಲ್ಲ, ಪೇಪರ್ ಮೇಲೆ ಬರೆಯೋ ಎಂಟ್ಹತ್ತು ಸಾಲಿನ ಬಗ್ಗೆ ಮಾತ್ರ ಮಾತಾಡೋಣ. ಯೂಟ್ಯೂಬ್‌ನಲ್ಲಿ ಚಾನೆಲ್ ಟ್ರೇಲರ್ ಅಂತ ಒಂದು ಜಾಗ ಇದೆ ಗೊತ್ತಲ್ಲ, ಇನ್ನೂ ಸಬ್‌ಸ್ಕ್ರೈಬ್ ಆಗದೇ ಇರೋರು ನಿಮ್ಮ ಪೇಜಿಗೆ ಬಂದಾಗ ಮೇಲೆ ಓಡೋ ವಿಡಿಯೋ. ಅಂದ್ರೆ ಅದನ್ನ ನೋಡೋರಿಗೆ ನೀವು ಯಾರು ಅಂತಾನೇ ಗೊತ್ತಿರಲ್ಲ. ನಾಚಿಕೆ ಸ್ವಭಾವದವರು ಎಡವೋದು ಇಲ್ಲೇ, ಯಾಕಂದ್ರೆ ಅವರು ಗೊತ್ತಿಲ್ಲದವರ ಮುಂದೆ ಮೊದಲು ಮಾಡೋ ಕೆಲಸ ಕ್ಷಮೆ ಕೇಳೋದು.

ಒಂದು ಉದಾಹರಣೆ ಇಟ್ಕೊಳ್ಳೋಣ. ಒಬ್ಬ ಹುಡುಗಿ, ತನ್ನ ಸೈಕಲ್ಲನ್ನ ತಾನೇ ರಿಪೇರಿ ಮಾಡ್ಕೋತಾಳೆ, ಪಂಕ್ಚರ್, ಬ್ರೇಕ್, ಚೈನ್ ಇಷ್ಟು ಚೆನ್ನಾಗಿ ಬರುತ್ತೆ, ಅಕ್ಕಪಕ್ಕದವರೂ ಸೈಕಲ್ ತಂದು ನಿಲ್ಲಿಸ್ತಾರೆ. ಚಾನೆಲ್ ಮಾಡಬೇಕು ಅಂತ ಆಸೆ, ಜನರ ಮುಂದೆ ಮಾತು ಬರಲ್ಲ. ಅವಳ ಮೊದಲ ಡ್ರಾಫ್ಟ್ ಹೀಗಿತ್ತು ಅಂತ ಅಂದ್ಕೊಳ್ಳಿ:

"ಹಾಯ್ ಫ್ರೆಂಡ್ಸ್, ಇದು ನನ್ನ ಫಸ್ಟ್ ವಿಡಿಯೋ, ನಾನೇನು ದೊಡ್ಡ ಎಕ್ಸ್‌ಪರ್ಟ್ ಅಲ್ಲ, ಕ್ಯಾಮೆರಾ ಮುಂದೆ ಮಾತಾಡಿ ಅಭ್ಯಾಸ ಇಲ್ಲ, ತಪ್ಪಿದ್ರೆ ಕ್ಷಮಿಸಿ, ಸೈಕಲ್ ಬಗ್ಗೆ ನನಗೆ ಗೊತ್ತಿರೋ ಅಲ್ಪಸ್ವಲ್ಪ ಹೇಳೋಕ್ಕೆ ಟ್ರೈ ಮಾಡ್ತೀನಿ."

ಇದನ್ನ ನೋಡಿದ ಫ್ರೆಂಡು ಯಾರೋ, ಅಯ್ಯೋ ಹೀಗಾದ್ರೆ ಯಾರು ನೋಡ್ತಾರೆ ಅಂತ ಬೇರೆ ಬರ್ಕೊಟ್ರು:

"ಸೈಕಲ್ ರಿಪೇರಿಯ ಎ ಟು ಝಡ್, ಎಲ್ಲಾ ಪ್ರಾಬ್ಲಮ್‌ಗೂ ಒಂದೇ ಚಾನೆಲ್, ನಮ್ಮ ಟೀಮ್ ದಿನಾ ಹೊಸ ವಿಡಿಯೋ ಹಾಕುತ್ತೆ!"

ಟೀಮ್ ಎಲ್ಲಿದೆ? ಅವಳೊಬ್ಬಳೇ. ಎ ಟು ಝಡ್ ಗೊತ್ತಾ? ಗೇರ್ ಸೈಕಲ್ ಮುಟ್ಟೇ ಇಲ್ಲ. ಇದನ್ನ ಓದೋವಾಗ ಅವಳ ಧ್ವನಿ ಮೊದಲನೇದಕ್ಕಿಂತ ಜಾಸ್ತಿ ನಡುಗುತ್ತೆ. ಸಂಕೋಚ ಇರೋರಿಗೆ ತಾವು ಹೇಳ್ತಿರೋದು ನಿಜ ಅಲ್ಲ ಅಂತ ಗೊತ್ತಿದ್ರೆ ಅದು ಮುಖದಲ್ಲೇ ಕಾಣುತ್ತೆ, ಮಾತಲ್ಲಿ ಪಳಗಿದವರು ಮುಚ್ಚಿಟ್ಕೋತಾರೆ, ಇವರ ಕೈಲಿ ಆಗಲ್ಲ. ಹಾಗಾಗಿ ಇವರ ಸ್ಕ್ರಿಪ್ಟಲ್ಲಿ ಉತ್ಪ್ರೇಕ್ಷೆ ತೆಗೆಯೋದು ಬರೀ ನೀತಿಯ ಮಾತಲ್ಲ, ಧ್ವನಿ ನಿಲ್ಲೋದೂ ಅದರಿಂದಾನೇ.

ಮೊದಲ ಡ್ರಾಫ್ಟ್ ವಿನಯ, ಎರಡನೇದು ಸುಳ್ಳು ಅಂತ ನಮಗೆ ಅನ್ನಿಸುತ್ತೆ, ಆದ್ರೆ ನನ್ನ ಪ್ರಕಾರ ಮೊದಲನೇದೂ ಪೂರ್ತಿ ನಿಜ ಅಲ್ಲ. ಪಂಕ್ಚರ್ ಹಾಕೋದು ಅವಳಿಗೆ ಅಲ್ಪಸ್ವಲ್ಪ ಅಲ್ಲ, ಚೆನ್ನಾಗೇ ಗೊತ್ತು. ಟ್ರೈ ಮಾಡಲ್ಲ, ಮಾಡ್ತಾಳೆ. ಗೊತ್ತಿರೋದನ್ನ ಕಮ್ಮಿ ಮಾಡಿ ಹೇಳೋದೂ ತಪ್ಪು ಮಾಹಿತೀನೇ ಅಲ್ವಾ.

ಹಾಗಾದ್ರೆ ಎಲ್ಲಿಂದ ಶುರು ಮಾಡೋದು? ಸ್ಕ್ರಿಪ್ಟ್ ಬರೆಯೋಕ್ಕೆ ಮುಂಚೆ ಒಂದು ಹಾಳೆ ಮೇಲೆ ತಾನು ಕೈಯಾರೆ ಮಾಡಿರೋದನ್ನೆಲ್ಲ ಬರೀಬೇಕು, ಒಂದೊಂದರ ಮುಂದೆ ಯಾರಾದ್ರೂ ತೋರ್ಸಿ ಅಂದ್ರೆ ಏನು ತೋರ್ಸ್ತೀನಿ ಅಂತ ಬರೀಬೇಕು. ಚೆನ್ನಾಗಿ ಹೇಳಿಕೊಡ್ತೀನಿ ಅನ್ನೋದರ ಮುಂದೆ ಬರೆಯೋಕ್ಕೆ ಏನೂ ಸಿಗಲ್ಲ, ಅದನ್ನ ಹೊಡೆದು ಹಾಕಿ. ಹತ್ತು ನಿಮಿಷದಲ್ಲಿ ಬ್ರೇಕ್ ಸರಿ ಮಾಡಬಹುದು ಅಂತ ಬರೆದಿದ್ಲು, ಅವಳಿಗೆ ಈಗ ಹತ್ತು ನಿಮಿಷ ಸಾಕು, ಆದ್ರೆ ಮೊದಲ ಸಲ ಬ್ರೇಕ್ ಶೂ ರಿಮ್ಮಿಗೆ ಸರಿಯಾಗಿ ಕೂರಿಸೋಕ್ಕೆ ಒಂದು ಗಂಟೆ ಹಿಡಿದಿತ್ತು. ನೋಡೋರು ಮೊದಲ ಸಲದವರು, ಆದ್ದರಿಂದ ಆ ಹತ್ತು ನಿಮಿಷ ಹೋಯ್ತು. ಇಷ್ಟೆಲ್ಲ ಹೊಡೆದ ಮೇಲೆ ಉಳಿದಿದ್ದರಿಂದ ಬಂದ ಸ್ಕ್ರಿಪ್ಟ್ ಇದು:

"ಪಂಕ್ಚರ್, ಬ್ರೇಕ್, ಚೈನ್. ಸೈಕಲ್ಲಿನ ಈ ಮೂರು ಕೆಲಸ ಮನೇಲೇ ಮಾಡ್ಕೊಳ್ಳೋದು ಹೇಗೆ ಅಂತ ಈ ಚಾನೆಲ್‌ನಲ್ಲಿ ತೋರಿಸ್ತೀನಿ. 2022ರಿಂದ ನನ್ನ ಸೈಕಲ್ ರಿಪೇರಿ ನಾನೇ ಮಾಡ್ಕೋತಿದೀನಿ. ಅಕ್ಕಪಕ್ಕದವರ ಸೈಕಲ್ಲೂ ನೋಡ್ಕೊಡ್ತೀನಿ. ಗೇರ್ ಸೈಕಲ್ ಇಲ್ಲಿ ಸಿಗಲ್ಲ, ಅದು ನನಗೆ ಬರಲ್ಲ. ರಿಮ್ ಬೆಂಡ್ ತೆಗೆಯೋದನ್ನ ಈಗ ಕಲೀತಿದೀನಿ. ನಾಲ್ಕು ವಿಡಿಯೋ ಆಗಲೇ ಹಾಕಿದೀನಿ, ಪಂಕ್ಚರ್‌ದರಿಂದ ನೋಡಿ."

ಇದರಲ್ಲಿ ಗಮನಿಸಿ, ಬರಲ್ಲ ಅನ್ನೋ ಮಾತು ಮಾಯ ಆಗಿಲ್ಲ, ಜಾಗ ಬದಲಾಯಿಸಿದೆ ಅಷ್ಟೇ. ಮೊದಲ ಸಾಲಲ್ಲಿ ನಾನು ಎಕ್ಸ್‌ಪರ್ಟ್ ಅಲ್ಲ ಅಂದ್ರೆ ಅದು ಇಡೀ ವ್ಯಕ್ತಿಯ ಮೇಲೆ ಬೀಳುತ್ತೆ, ಬರೋದನ್ನ ಹೇಳಿ ಆದ ಮೇಲೆ ಗೇರ್ ಸೈಕಲ್ ಬರಲ್ಲ ಅಂದ್ರೆ ಅದು ಗೇರ್ ಸೈಕಲ್ ಮೇಲೆ ಮಾತ್ರ ಬೀಳುತ್ತೆ, ಅದೂ ಅಲ್ಲದೆ ಬ್ರೇಕ್ ಬಗ್ಗೆ ಅವಳು ಹೇಳಿದ್ದು ನಂಬಬೇಕು ಅನ್ಸುತ್ತೆ. ದಿನಾ ವಿಡಿಯೋ ಅನ್ನೋ ವಾಗ್ದಾನದ ಬದಲು ಆಗಲೇ ಹಾಕಿರೋ ನಾಲ್ಕು ವಿಡಿಯೋ ಬಂತು, ಅದನ್ನ ಯಾರು ಬೇಕಾದ್ರೂ ಎಣಿಸಬಹುದು. ಇದಕ್ಕೋಸ್ಕರ ಟ್ರೇಲರ್‌ನ ಮೊದಲು ಶೂಟ್ ಮಾಡಬೇಡಿ, ಮೂರೋ ನಾಲ್ಕೋ ವಿಡಿಯೋ ಆದ ಮೇಲೆ ಮಾಡಿ ಅಂತ ನಾನು ಹೇಳೋದು.

ಇನ್ನು ಬಾಯಿಗೆ ಕೂರಿಸೋ ವಿಷಯ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೇಲಿ ಬರುತ್ತೆ, ನಾಚಿಕೆ ಇರೋರ ಧ್ವನಿ ಇಳಿಯೋದೂ ವಾಕ್ಯದ ಕೊನೇಲೇ. ಅಂದ್ರೆ ಉದ್ದ ವಾಕ್ಯ ಬರೆದ್ರೆ ಉಸಿರು ಮುಗಿದು ತೋರಿಸ್ತೀನಿ, ಮಾಡ್ಕೋತಿದೀನಿ ಅನ್ನೋ ಮುಖ್ಯ ಮಾತೇ ನುಂಗಿ ಹೋಗುತ್ತೆ, ಕೇಳೋರಿಗೆ ಇವಳು ಮಾಡ್ತಾಳೋ ಇಲ್ವೋ ಅಂತಾನೇ ಗೊತ್ತಾಗಲ್ಲ. ಅದಕ್ಕೇ ಸ್ಕ್ರಿಪ್ಟಲ್ಲಿ ಒಂದು ಉಸಿರಿಗೆ ಒಂದು ವಾಕ್ಯ. ಫೋನಲ್ಲಿ ರೆಕಾರ್ಡ್ ಮಾಡಿ, ಪಕ್ಕದ ರೂಮಲ್ಲಿ ಇಟ್ಟು ಕೇಳಿ, ಯಾವ ವಾಕ್ಯದ ಕೊನೆ ಕೇಳಿಸಲ್ವೋ ಆ ವಾಕ್ಯನ ಎರಡು ಮಾಡಿ. ಮೇಲಿನ ಸ್ಕ್ರಿಪ್ಟಲ್ಲಿ ಎರಡನೇ ವಾಕ್ಯ ಸ್ವಲ್ಪ ಉದ್ದಾನೇ, ಅವಳಿಗೆ ಕಷ್ಟ ಆದ್ರೆ "ಈ ಮೂರನ್ನ ಮನೇಲೇ ಮಾಡ್ಕೋಬಹುದು. ಹೇಗೆ ಅಂತ ತೋರಿಸ್ತೀನಿ." ಅಂತ ಒಡೀಬಹುದು.

ಇಡೀ ಸ್ಕ್ರಿಪ್ಟ್ ಬಾಯಿಪಾಠ ಮಾಡಬೇಡಿ, ಒಂದು ಪದ ಮರೆತ್ರೆ ಪೂರ್ತಿ ನಿಂತು ಹೋಗುತ್ತೆ. ಲೆನ್ಸ್ ಪಕ್ಕ ಅಂಟಿಸಿ ಓದಿದ್ರೆ ಕಣ್ಣು ಓಡಾಡೋದು ಗೊತ್ತಾಗುತ್ತೆ. ಒಂದೊಂದು ವಾಕ್ಯ ಓದಿ, ತಲೆ ಎತ್ತಿ, ಹೇಳಿ, ಮತ್ತೆ ಓದಿ, ನಡುವಿನ ಗ್ಯಾಪ್ ಎಡಿಟಲ್ಲಿ ತೆಗೆಯಿರಿ. ಮುಖ ತೋರಿಸೋದೇ ಕಷ್ಟ ಅಂದ್ರೆ ಮೊದಲ ವಾಕ್ಯಕ್ಕೆ ಕೈ ಕೆಲಸ ಮಾಡ್ತಿರೋ ಶಾಟ್ ಹಾಕಿ ಧ್ವನಿ ಮಾತ್ರ ಕೊಡಿ, ಅದು ಅವಳದೇ ಕೈ ಆಗಿರಬೇಕು ಅಷ್ಟೇ, ಎಲ್ಲಿಂದಲೋ ಡೌನ್‌ಲೋಡ್ ಮಾಡಿದ ಕ್ಲಿಪ್ ಹಾಕಿದ್ರೆ ಇಷ್ಟು ಹೊತ್ತು ಮಾಡಿದ್ದೆಲ್ಲ ದಂಡ.

ಕೊನೇದಾಗಿ, ಇವತ್ತು ನಿಜ ಇರೋ ಸಾಲು ಮುಂದಿನ ವರ್ಷ ಸುಳ್ಳಾಗಬಹುದು. ಯೂಟ್ಯೂಬ್‌ನಲ್ಲಿ ಟೈಟಲ್ ಬದಲಾಯಿಸಬಹುದು, ಒಳಗಿರೋ ವಿಡಿಯೋನೇ ತೆಗೆದು ಅದೇ ಲಿಂಕಲ್ಲಿ ಬೇರೆ ಹಾಕೋಕ್ಕಾಗಲ್ಲ. ಮೂರು ವರ್ಷದಿಂದ ಅನ್ನದೇ 2022ರಿಂದ ಅಂತ ಬರೆದಿದ್ದು ಅದಕ್ಕೇ. ನಾಲ್ಕು ವಿಡಿಯೋ, ಈಗ ಕಲೀತಿದೀನಿ ಇವೆರಡೂ ಮಾತ್ರ ಹಳೇದಾಗೋ ಸಾಲುಗಳು. ಅವನ್ನ ಬೇರೆ ಟೇಕಲ್ಲಿ, ಹಿಂದೆಮುಂದೆ ಒಂದು ಸೆಕೆಂಡ್ ಸುಮ್ಮನಿದ್ದು ಶೂಟ್ ಮಾಡಿ, ಆಮೇಲೆ ಯೂಟ್ಯೂಬ್ ಸ್ಟುಡಿಯೋದ ಎಡಿಟರ್‌ನಲ್ಲಿ ಆ ತುಂಡು ಮಾತ್ರ ಕಟ್ ಮಾಡಬಹುದು. ತೆಗೆಯೋಕ್ಕೆ ಬರುತ್ತೆ, ಹೊಸ ಸಾಲು ಸೇರಿಸೋಕ್ಕೆ ಬರಲ್ಲ, ಹಾಗಾಗಿ ಅವು ಹೋದ್ರೂ ಉಳಿದಿದ್ದು ಅರ್ಥ ಆಗುತ್ತಾ ಅಂತ ಅಪ್‌ಲೋಡ್‌ಗೆ ಮುಂಚೆನೇ ಒಂದ್ಸಲ ಓದಿ ನೋಡ್ಕೊಳ್ಳಿ.