ಕಾಫಿಗೆ ಕೈ ನಡುಗುತ್ತದೆ, ಚಹಾಕ್ಕೆ ಯಾಕಿಲ್ಲ?

ಈ ಕ್ಲಿಪ್ ಸ್ವಲ್ಪ ಅಲುಗಾಡುತ್ತಿದೆ, ಅಲ್ವಾ? ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡು ಲೋಟ ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿದು ತೆಗೆದದ್ದು. ಎದೆ ಢವಢವ ಅಂತಿತ್ತು, ಬೆರಳಲ್ಲಿ ಸಣ್ಣ ನಡುಕ. ಚಹಾ ಕುಡಿದ ದಿನ ನನಗೆ ಹೀಗಾಗುವುದಿಲ್ಲ.

ಗೆಳೆಯನನ್ನು ಕೇಳಿದರೆ, "ಚಹಾದಲ್ಲಿ ಎಲ್-ಥಿಯಾನಿನ್ ಇದೆಯಲ್ಲ ಮಾರಾಯ, ಅದು ಕೆಫೀನಿನ ಜೋರು ಇಳಿಸುತ್ತೆ" ಎಂದ. ಅವನು ಹೇಳಿದ್ದರಲ್ಲಿ ಅರ್ಧ ಸರಿ.

ಥಿಯಾನಿನ್ ಒಂದು ಅಮೈನೋ ಆಮ್ಲ. 1950ರ ಸುಮಾರಿಗೆ ಜಪಾನಿನಲ್ಲಿ ಗ್ಯೊಕುರೊ ಎಂಬ ಹಸಿರು ಚಹಾದಿಂದ ಅದನ್ನು ಬೇರ್ಪಡಿಸಿದರು. ಚಹಾ ಗಿಡ ಇದನ್ನು ಬೇರಿನಲ್ಲಿ ತಯಾರಿಸಿ ಎಲೆಗೆ ಕಳಿಸುತ್ತದೆ. ಬಿಸಿಲು ಬಿದ್ದರೆ ಎಲೆಯಲ್ಲಿ ಅದು ಕರಗಿ, ಒಗರು ಕೊಡುವ ಕ್ಯಾಟೆಚಿನ್ ಜಾಸ್ತಿಯಾಗುತ್ತದೆ. ಅದಕ್ಕೇ ಗ್ಯೊಕುರೊ ಗಿಡಗಳಿಗೆ ಕೊಯ್ಲಿಗೆ ಮುಂಚೆ ಸುಮಾರು 20 ದಿನ ನೆರಳು ಕಟ್ಟುತ್ತಾರೆ. ಕಾಫಿ ಬೀಜದಲ್ಲಿ ಥಿಯಾನಿನ್ ಇಲ್ಲ.

ಕೆಫೀನ್ ಮಾಡುವ ಕೆಲಸ ಬೇರೆ. "ಸಾಕು, ಮಲಗು" ಎಂದು ಮೆದುಳಿಗೆ ಹೇಳುವ ಅಡೆನೊಸಿನ್ ಬಂದು ಕೂರುವ ಜಾಗದಲ್ಲಿ ತಾನೇ ಹೋಗಿ ಕೂರುತ್ತದೆ. ಥಿಯಾನಿನ್ ಅದನ್ನು ಅಲ್ಲಿಂದ ಎಬ್ಬಿಸುವುದಿಲ್ಲ. ಅದೂ ಮೆದುಳನ್ನು ಸೇರುತ್ತದೆ, ಎಚ್ಚರವಾಗಿದ್ದರೂ ಹಾಯಾಗಿರುವಾಗ ಕಾಣುವ ಆಲ್ಫಾ ಅಲೆಗಳನ್ನು ಹೆಚ್ಚಿಸುತ್ತದೆ ಎಂದು ಕೆಲವು ಪರೀಕ್ಷೆಗಳಲ್ಲಿ ಕಂಡಿದೆ.

ಹಾಗಾದರೆ ನಡುಕ? 2008ರ ಒಂದು ಅಧ್ಯಯನದಲ್ಲಿ 250 ಮಿಲಿಗ್ರಾಂ ಕೆಫೀನಿನ ಜೊತೆ 200 ಮಿಲಿಗ್ರಾಂ ಥಿಯಾನಿನ್ ಕೊಟ್ಟು ನೋಡಿದರು. ಕೆಫೀನಿನಿಂದ ಏರಬೇಕಿದ್ದ ರಕ್ತದೊತ್ತಡವನ್ನು ಥಿಯಾನಿನ್ ತಡೆಯಿತು. ಆದರೆ ಜನ ಹೇಳಿಕೊಂಡ ನಡುಕ, ಚಡಪಡಿಕೆ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಇದನ್ನು ಓದಿ ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಈಗ ನನ್ನ ಲೋಟದ ಲೆಕ್ಕ. 200 ಮಿಲಿಲೀಟರ್ ಕಪ್ಪು ಚಹಾದಲ್ಲಿ ಥಿಯಾನಿನ್ ಹೆಚ್ಚುಕಡಿಮೆ 25 ಮಿಲಿಗ್ರಾಂ, ಕೆಫೀನ್ ಸುಮಾರು 40. ಆ ಪರೀಕ್ಷೆಯ 200 ಮಿಲಿಗ್ರಾಂ ಥಿಯಾನಿನ್ ಚಹಾದಿಂದಲೇ ಬರಬೇಕೆಂದರೆ ಎಂಟು ಲೋಟ ಕುಡಿಯಬೇಕು. ಅಷ್ಟರಲ್ಲಿ 320 ಮಿಲಿಗ್ರಾಂ ಕೆಫೀನ್ ಒಳಗೆ ಹೋಗಿರುತ್ತದೆ! ಯಾರು ಯಾರನ್ನು ತಣ್ಣಗೆ ಮಾಡಬೇಕು ಹೇಳಿ.

ಅಂದರೆ ಚಹಾ ಮೆತ್ತಗೆ ಅನ್ನಿಸುವುದಕ್ಕೆ ಮುಖ್ಯ ಕಾರಣ ಅದರಲ್ಲಿ ಕೆಫೀನೇ ಕಡಿಮೆ ಇರುವುದು. ದೊಡ್ಡ ಕಪ್ ಡ್ರಿಪ್ ಕಾಫಿಯಲ್ಲಿ ಅದರ ಎರಡರಷ್ಟಾದರೂ ಇರುತ್ತದೆ. ನಮ್ಮ ಫಿಲ್ಟರ್ ಕಾಫಿಯಲ್ಲಿ ಎಷ್ಟು ಎಂಬುದು ಡಿಕಾಕ್ಷನ್ ಮತ್ತು ಪುಡಿಯ ಮೇಲೆ ನಿಂತಿದೆ. ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್ ಇದೆ. ಚಿಕೋರಿಯಲ್ಲಿ ಕೆಫೀನೇ ಇಲ್ಲ. ನನ್ನ ಡಬ್ಬಿ ನೋಡಿದೆ, ರೋಬಸ್ಟಾ ತುಂಬಾನೇ ಇತ್ತು.

ಇದು ಮರುದಿನ ತೆಗೆದ ಕ್ಲಿಪ್. ಅದೇ ಪುಡಿ, ಅದೇ ಫಿಲ್ಟರ್. ತಿಂಡಿ ತಿಂದ ಮೇಲೆ ಒಂದೇ ಲೋಟ ಕುಡಿದೆ, ಡಿಕಾಕ್ಷನ್ ಅರ್ಧ ಹಾಕಿ. ಕ್ಯಾಮೆರಾ ಕೈಯಲ್ಲೇ ಇದೆ.