ಕೊಲೆಗಾರರಿಗೆ ಎರಡೇ ಖಾನೆ?

ಕೇಳುಗರಿಗೆ ನಮಸ್ಕಾರ.

ಸರಣಿ ಕೊಲೆಗಾರರಲ್ಲಿ ಎರಡು ಬಗೆ ಎಂದು ಅಮೆರಿಕದ ಎಫ್‌ಬಿಐ ಬಹುಕಾಲ ಕಲಿಸಿಕೊಂಡು ಬಂತು. ಒಬ್ಬ ವ್ಯವಸ್ಥಿತ: ಮೊದಲೇ ಯೋಜಿಸುತ್ತಾನೆ, ಹಗ್ಗ, ಆಯುಧ ಜೊತೆಗೇ ತರುತ್ತಾನೆ, ಶವವನ್ನು ಬಚ್ಚಿಡುತ್ತಾನೆ. ಇನ್ನೊಬ್ಬ ಅವ್ಯವಸ್ಥಿತ: ಕೈಗೆ ಸಿಕ್ಕಿದ್ದರಿಂದ ಕೊಲ್ಲುತ್ತಾನೆ, ಶವವನ್ನು ಸತ್ತ ಜಾಗದಲ್ಲೇ ಬಿಟ್ಟು ಹೋಗುತ್ತಾನೆ. ಸ್ಥಳ ನೋಡಿದರೆ ಆಳು ಎಂಥವನು, ಸಂಸಾರಸ್ಥನೋ ಒಂಟಿಯೋ, ಹೇಳಬಹುದಂತೆ.

ಈಗ 1974ರ ಜನವರಿಯಲ್ಲಿ ಕ್ಯಾನ್ಸಸ್ ರಾಜ್ಯದ ವಿಚಿಟಾ ಊರಿನಲ್ಲಿ ನಡೆದದ್ದನ್ನು ನೋಡಿ. ಒಂದೇ ಮನೆಯ ನಾಲ್ವರ ಕೊಲೆ. ಬಂದವನು ಫೋನಿನ ತಂತಿ ಕತ್ತರಿಸಿದ್ದ, ಕಟ್ಟಲು ಹಗ್ಗ ತಂದಿದ್ದ. ಇದು ಮೊದಲ ಖಾನೆ. ಆದರೆ ಶವಗಳನ್ನೆಲ್ಲ ಆ ಮನೆಯಲ್ಲೇ ಬಿಟ್ಟು ನಡೆದಿದ್ದ. ಇದು ಎರಡನೆಯದು. ಯಾವುದಕ್ಕೆ ಹಾಕುತ್ತೀರಿ? ಇಂಥವರಿಗೆಂದೇ ‘ಮಿಶ್ರ’ ಎಂಬ ಮೂರನೇ ಖಾನೆಯೂ ಬಂತು. ಮೂರನೆಯದು ಬಂದಮೇಲೆ ಈ ವರ್ಗೀಕರಣ ತಪ್ಪು ಅಂತ ತೋರಿಸುವುದೇ ಕಷ್ಟವಾಯಿತು, ಯಾರು ಬಂದರೂ ಎಲ್ಲೋ ಒಂದು ಕಡೆ ಕೂರುತ್ತಾರಲ್ಲ.

ಇದರ ಬುಡವೂ ಅಷ್ಟು ಗಟ್ಟಿಯಲ್ಲ. ಮಾತಾಡಲು ಒಪ್ಪಿದ 36 ಕೈದಿಗಳ ಸಂದರ್ಶನವೇ ಆಧಾರ, ಅವರಲ್ಲಿ ಹಲವರು ಸರಣಿ ಕೊಲೆಗಾರರೇ ಅಲ್ಲ. ಒಪ್ಪದವರು ಹೇಗಿದ್ದರೋ ಯಾರೂ ನೋಡಲಿಲ್ಲ.

2004ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಯಾಂಟರ್ ಮತ್ತು ಸಂಗಡಿಗರು 100 ಅಮೆರಿಕನ್ ಸರಣಿ ಕೊಲೆಗಾರರ ಒಂದೊಂದು ಕೊಲೆ ತೆಗೆದುಕೊಂಡು, 39 ಲಕ್ಷಣಗಳಲ್ಲಿ ಯಾವುದು ಯಾವುದರ ಜೊತೆ ಬರುತ್ತದೆಂದು ಲೆಕ್ಕ ಹಾಕಿದರು. ಎರಡು ಬಗೆ ನಿಜವಾಗಿದ್ದರೆ ಲಕ್ಷಣಗಳೂ ಎರಡು ಗುಂಪಾಗಬೇಕಿತ್ತು. ಆಗಲಿಲ್ಲ. ವ್ಯವಸ್ಥಿತ ಎನಿಸುವ ಲಕ್ಷಣಗಳು ಹೆಚ್ಚುಕಡಿಮೆ ಎಲ್ಲರಲ್ಲೂ ಇದ್ದವು. ಅವ್ಯವಸ್ಥಿತ ಎನಿಸುವವು ಒಂದಕ್ಕೊಂದು ಸೇರದೆ ಚದುರಿ ಬಿದ್ದಿದ್ದವು.

ಹಾಗಿದ್ದರೆ ಪೊಲೀಸರು ನಂಬಿದ್ದೇಕೆ? ಮನಶ್ಶಾಸ್ತ್ರಜ್ಞ ಲಾರೆನ್ಸ್ ಆಲಿಸನ್ ತಂಡದ ಪ್ರಯೋಗದಲ್ಲಿ ಎರಡು ಗುಂಪುಗಳಿಗೆ ಒಂದೇ ಪ್ರೊಫೈಲ್, ಅಂದರೆ ಕೊಲೆಗಾರ ಎಂಥವನಿರಬಹುದು ಎಂದು ಊಹಿಸಿ ಬರೆದ ಚಿತ್ರಣ, ಕೊಟ್ಟರು. ಒಂದು ಗುಂಪಿಗೆ ನಿಜವಾದ ಅಪರಾಧಿಯ ವಿವರ, ಇನ್ನೊಂದಕ್ಕೆ ಕಟ್ಟಿ ಹೇಳಿದ ಬೇರೆಯದೇ ಮನುಷ್ಯನ ವಿವರ. ಎರಡೂ ಗುಂಪಿನಲ್ಲಿ ಹೆಚ್ಚಿನವರು ‘ಚೆನ್ನಾಗಿ ಹೊಂದುತ್ತದೆ’ ಎಂದರು! ಗಿಳಿಶಾಸ್ತ್ರದವನ ಮುಂದೆ ಕೂತವರೂ ಹೀಗೇ ತಲೆಯಾಡಿಸುತ್ತಾರೆ. ‘ಸಂಬಂಧಗಳಲ್ಲಿ ತೊಡಕಿರಬಹುದು’ ಎಂಬ ಮಾತು ಯಾರಿಗೆ ಹೊಂದದು ಹೇಳಿ. ತನಿಖೆಯಲ್ಲಿ ಅಪಾಯವೂ ಇಲ್ಲೇ ಇದೆ, ಮೊದಲೇ ಅನುಮಾನಿಸಿದವನ ಮೇಲೆ ಇಂಥ ಮಾತು ಸಲೀಸಾಗಿ ಕೂರುತ್ತದೆ.

ವಿಚಿಟಾದ ಕೊಲೆಗಾರ ಡೆನ್ನಿಸ್ ರೇಡರ್ ಸಿಕ್ಕಿದ್ದು 2005ರಲ್ಲಿ. ಹೆಂಡತಿ ಮಕ್ಕಳಿದ್ದವನು, ಚರ್ಚಿನ ಮಂಡಳಿಯ ಅಧ್ಯಕ್ಷ. ಅವನೇ ಕಳಿಸಿದ ಫ್ಲಾಪಿಯಲ್ಲಿ ಅಳಿಸಿದ ಕಡತವೊಂದರ ಗುರುತು ಉಳಿದಿತ್ತು: ಚರ್ಚಿನ ಹೆಸರು, ಜೊತೆಗೆ ‘ಡೆನ್ನಿಸ್’. ಆಮೇಲೆ ಮಗಳ ವೈದ್ಯಕೀಯ ಮಾದರಿಯ ಡಿಎನ್‌ಎ ತಾಳೆ ನೋಡಿ ಬಂಧಿಸಿದರು.